ವಿಶ್ವಾಸದ ಕಾಲಂ

ನಮ್ಮ ಸಂಸ್ಥೆಯಲ್ಲಿ ಯಾವ ವರದಿಯೂ ಯಾರ ಮನಸ್ಸನ್ನೂ ನೋಯಿಸಬಾರದು ಎಂಬ ಪದ್ಧತಿ ಇತ್ತು. ಪುಣೆಯ ಶಿವಾಜಿನಗರದ ಕೋರ್ಟಿನಿಂದ ಹತ್ತು ನಿಮಿಷದ ನಡಿಗೆ. ಹಳೆಯ ಕಲ್ಲಿನ ಕಟ್ಟಡ, ಒಳಗೆ ಅರ್ಥಶಾಸ್ತ್ರ. ಸಣ್ಣ ಸಣ್ಣ ದೇಶಗಳ ಕೇಂದ್ರ ಬ್ಯಾಂಕುಗಳ ಅಧಿಕಾರಿಗಳು ಇಲ್ಲಿಗೆ ತರಬೇತಿಗೆ ಬರುತ್ತಿದ್ದರು. ಹೋಗುವಾಗ ಅವರ ದೇಶಕ್ಕೆಂದೇ ನಾವು ಬರೆದ ಸಲಹಾ ವರದಿಯೊಂದನ್ನು ಒಯ್ಯುತ್ತಿದ್ದರು.

ವರದಿಗೆ ಮೂವರು ಹಿರಿಯ ಪ್ರಾಧ್ಯಾಪಕರ ಸಮಿತಿ, ತಲೆಗೊಂದು ಅಧ್ಯಾಯ. ಒಬ್ಬರ ಅಧ್ಯಾಯವನ್ನು ಇನ್ನೊಬ್ಬರು ಓದುವುದೆಂದರೆ ಪರರ ಟಪಾಲು ಒಡೆದಂತೆ. ಮೂರನ್ನೂ ಓದಬೇಕಾದ ಏಕೈಕ ದುರ್ದೈವಿ ನಾನು. ಮೂರನ್ನೂ ಒಟ್ಟಿಗೆ ಹೊಲಿದು, ಮುಂದೆ ಎರಡು ಪುಟದ ಸಾರಾಂಶ ಬರೆಯುವುದು ನನ್ನ ಕೆಲಸ. ಧಾರವಾಡದಿಂದ ಬಂದ ನಾನು ಆರು ವರ್ಷದಿಂದ ಗುತ್ತಿಗೆಯ ಮೇಲಿದ್ದೆ. ನನ್ನನ್ನು ಕಾಯಂ ಮಾಡುವ ಕಡತ ನಿರ್ದೇಶಕರ ಮೇಜಿನ ಮೇಲಿತ್ತು. ಹಾಗಾಗಿ ಹೊಲಿಗೆ ಎಲ್ಲೂ ಬಿಡುತ್ತಿರಲಿಲ್ಲ.

ಆ ಸಲ ಒಂದು ಪುಟ್ಟ ದ್ವೀಪರಾಷ್ಟ್ರದಿಂದ ಒಬ್ಬ ಮಹಿಳೆ ಬಂದಿದ್ದರು. ಐವತ್ತರ ಆಸುಪಾಸು, ಮಾತು ಕಡಿಮೆ, ನಮ್ಮ ಕ್ಯಾಂಟೀನಿನ ಉರಿಖಾರದ ಮಿಸಳ್ ತಿಂದೂ ಕಣ್ಣೀರು ಹಾಕದ ಗಟ್ಟಿಗಿತ್ತಿ. ಅವರ ದೇಶದ ನಾಣ್ಯಕ್ಕೆ ಡಾಲರಿನ ಜೊತೆ ಒಂದೇ ಬೆಲೆ ಗೊತ್ತುಮಾಡಿಟ್ಟಿದ್ದರು. ಅದು ವರ್ಷಗಟ್ಟಲೆ ಕದಲಿರಲಿಲ್ಲ. ಹಣ ಯಾವಾಗ ಬೇಕಾದರೂ ಒಳಗೆ ಬರಬಹುದು, ಹೊರಗೆ ಹೋಗಬಹುದು. ಈಗ ಪ್ರವಾಸಿಗರು ಕಡಿಮೆಯಾಗಿ ಹೋಟೆಲುಗಳು ಖಾಲಿ ಹೊಡೆಯುತ್ತಿದ್ದವು. ಬಡ್ಡಿ ಇಳಿಸಿ ಎಂದು ಮಂತ್ರಿಗಳು ಅವರ ಕೇಂದ್ರ ಬ್ಯಾಂಕಿನ ಗವರ್ನರ್ ಬೆನ್ನು ಹತ್ತಿದ್ದರು. "ಪುಣೆಯ ವರದಿ ಏನು ಹೇಳುತ್ತದೋ ಅದನ್ನೇ ಮಾಡುತ್ತೇನೆ ಅಂದಿದ್ದಾರೆ ಗವರ್ನರ್. ವರದಿಗೆ ಸಹಿ ಹಾಕಿ ಮುಂದಿಡುವವಳು ನಾನು. ಕೆಟ್ಟರೆ ಕೆಡುವುದೂ ನನ್ನ ಹೆಸರೇ," ಎಂದು ಆಕೆ ಮೊದಲ ವಾರವೇ ನನಗೆ ಹೇಳಿದ್ದರು.

ಮೂರು ಅಧ್ಯಾಯ ಬಂದವು. ಮೊದಲನೆಯವರು ಬರೆದಿದ್ದರು: ಅಕ್ಕಿಯಿಂದ ಸೀಮೆಎಣ್ಣೆಯವರೆಗೆ ಎಲ್ಲವನ್ನೂ ಹೊರಗಿಂದ ತರಿಸುವ ದೇಶ, ವಿನಿಮಯ ದರ ಕದಲಕೂಡದು. ಎರಡನೆಯವರು: ಹೋಟೆಲು ಕಟ್ಟಿದ್ದೇ ವಿದೇಶಿ ಬಂಡವಾಳ, ಅದರ ಬರುಹೋಗಿಗೆ ಬಾಗಿಲು ಹಾಕಕೂಡದು. ಮೂರನೆಯವರು: ದೇಶಕ್ಕೆ ಬೇಕಾದಂತೆ ಬಡ್ಡಿ ಇಳಿಸುವ ಸ್ವಾತಂತ್ರ್ಯ ಬಿಡಕೂಡದು, ಶೇಕಡಾ ಎರಡು ಅಂಶ ಇಳಿಸಿ. ಒಂದೊಂದನ್ನೇ ಓದಿದರೆ ಮೂರೂ ಮುತ್ತಿನಂಥ ಮಾತು. ಒಟ್ಟಿಗೆ ಇಟ್ಟರೆ ಬಿ.ಎ. ಎರಡನೆಯ ವರ್ಷದ ಹುಡುಗನೂ ನಗುತ್ತಿದ್ದ. ಮೂರರಲ್ಲಿ ಯಾವುದಾದರೂ ಎರಡು ಸಿಗುತ್ತವೆ, ಮೂರನೆಯದನ್ನು ಬಿಡಬೇಕು ಎಂದು ಆ ಹುಡುಗರಿಗೆ ಪಾಠ ಮಾಡಿ ನರೆತವರೇ ಈ ಮೂವರೂ.

ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಿದೆ. ಲೆಕ್ಕದಲ್ಲಿ, ಬಡ್ಡಿ ಇಳಿಸಿದ ತಿಂಗಳೇ ಠೇವಣಿದಾರರು, ಡಾಲರಿಗೆ ಹೊರಗೆ ಹೆಚ್ಚು ಬಡ್ಡಿ ಸಿಗುತ್ತದಲ್ಲ ಎಂದು ತಮ್ಮ ಹಣವನ್ನು ಡಾಲರಿಗೆ ಬದಲಿಸತೊಡಗಿದರು. ದರ ಬೀಳದಂತೆ ಹಿಡಿಯಲು ಕೇಂದ್ರ ಬ್ಯಾಂಕು ತನ್ನ ಸಂಗ್ರಹದ ಡಾಲರು ಮಾರಿತು. ಮಾರಿದಷ್ಟೂ ಸ್ಥಳೀಯ ನೋಟು ವಾಪಸ್ ಬಂದು, ಪೇಟೆಯಲ್ಲಿ ಹಣ ಕಡಿಮೆಯಾಗಿ, ಬಡ್ಡಿ ಮತ್ತೆ ಏರಲು ನೋಡಿತು. ಏರಬಾರದೆಂದು ಬ್ಯಾಂಕು ಬಾಂಡು ಕೊಂಡು ನೋಟು ಹೊರಬಿಟ್ಟಿತು. ಆ ನೋಟೂ ಡಾಲರು ಕೇಳಲು ಬಂತು. ಎಂಟನೆಯ ತಿಂಗಳಿಗೆ ಸಂಗ್ರಹ ಸೊನ್ನೆ.

"ಹಾಗಾದರೆ ನಾವು ಯಾವುದನ್ನು ಬಿಡಬೇಕು?" ಎಂದರು ಆಕೆ.

ನಾನು ಆ ಪ್ರಶ್ನೆಯನ್ನು ನಿರ್ದೇಶಕರ ಕೋಣೆಗೆ ಹೊತ್ತೊಯ್ದೆ. ಅವರೂ ನಮ್ಮ ಕಡೆಯವರೇ, ಬಾಗಲಕೋಟೆ. ಇಲ್ಲೇ ಪುಣೆಯ ನಿಗಡಿಯಲ್ಲಿ ಮನೆ ಕಟ್ಟಿಸಿ ಮೂವತ್ತು ವರ್ಷ. ಹೊರಗೆ ಇಂಗ್ಲಿಷು, ಕಚೇರಿಯ ಸಿಪಾಯಿಯ ಹತ್ತಿರ ಮರಾಠಿ, ಬಾಗಿಲು ಮುಚ್ಚಿದರೆ ಕನ್ನಡ.

"ತಮ್ಮಾ, ಒಂದನ್ನ ಬಿಟ್ಟರ ಅದನ್ನ ಬರದವ್ರಿಗೆ ನಾ ಏನ್ ಹೇಳ್ಲಿ?" ಎಂದರು. "ಮೂವರೂ ಹಿರಿಯರು. ಅವರೊಳಗ ಒಬ್ಬರು ಮುಂದಿನ ತಿಂಗಳ ರಿಟೈರ್ ಆಗಾವ್ರಿದ್ದಾರ. ಕಳಸೂ ಹೊತ್ತಿನ್ಯಾಗ ಅವಮಾನ ಮಾಡೂದು?"

"ಎಂಟ ತಿಂಗಳಿಗೆ ಡಾಲರ್ ಖಾಲಿ ಆಗ್ತಾವ್ರಿ ಸರ್."

"ರೊಕ್ಕ ಯಾಕ ಓಡ್ತದ?"

"ಬಡ್ಡಿ ಕಡಿಮಿ ಆತಲ್ರಿ."

"ಜನರಿಗೆ ದೇಶದ ಮ್ಯಾಲ ವಿಶ್ವಾಸ ಇದ್ದರ?"

"ವಿಶ್ವಾಸ ಇದ್ದರ ನಿಂತೀತ್ರಿ. ಆದ್ರ ಅದಕ್ಕ ಆಧಾರ ಏನೂ..."

"ಮತ್ತ! ವಿಶ್ವಾಸ ಹಾಕು. ನಿನ್ನ ಫೈಲೂ ಇಲ್ಲೇ ಅದ ನೋಡು, ಈ ವರದಿ ಮುಗೀತಂದ್ರ ಅದನ್ನೂ ನೋಡಿಬಿಡೂಣು."

ಬೆದರಿಕೆ ಅದಲ್ಲ. ಅಷ್ಟು ಒರಟಾಗಿ ಅವರು ಎಂದೂ ಮಾತಾಡಿದವರಲ್ಲ. ಚಹಾ ಕೂಡ ತರಿಸಿದರು.

ನಾನು ಹಾಕಿದೆ. ಲೆಕ್ಕದ ಹಾಳೆಯಲ್ಲಿ ಹೊಸದೊಂದು ಕಾಲಂ ತೆರೆದು 'ಹೂಡಿಕೆದಾರರ ವಿಶ್ವಾಸ' ಎಂದು ಬರೆದೆ. ಎಷ್ಟು ವಿಶ್ವಾಸ ಹಾಕಿದರೆ ಸಂಗ್ರಹ ಕರಗದೆ ಉಳಿಯುತ್ತದೆ ಎಂದು ಹಿಂದಿನಿಂದ ಲೆಕ್ಕ ಹಾಕಿ ಅಷ್ಟೇ ತುಂಬಿದೆ. ಕೊಂಢ್ವಾದಲ್ಲಿದ್ದ ನನ್ನ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ, ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ ಒಂದು ದೇಶದ ಜನರ ವಿಶ್ವಾಸ ತಯಾರಾಯಿತು. ಮೂರು ಅಧ್ಯಾಯಗಳೂ ಅಕ್ಕಪಕ್ಕದಲ್ಲಿ ಸುಖವಾಗಿ ಕೂತವು. ಸಮಿತಿ ನನ್ನ ಸಾರಾಂಶವನ್ನು 'ಸಮತೋಲನದ್ದು' ಎಂದು ಹೊಗಳಿತು. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಖುಷಿಯೇ ತುಸು ಹೆಚ್ಚಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಬೀಳ್ಕೊಡುಗೆಯ ದಿನ ಆಕೆ ಆ ಹಾಳೆಯನ್ನು ತೆರೆದು, ಹೊಸ ಕಾಲಮಿನ ಮೇಲೆ ಬೆರಳಿಟ್ಟರು.

"ಇದು ಎಲ್ಲಿಂದ ಬಂತು?"

"ಅದು... ಅಂದಾಜು."

"ನಿಮ್ಮ ಸ್ವಂತ ದುಡ್ಡನ್ನು ನಮ್ಮ ಬ್ಯಾಂಕಿನಲ್ಲಿ ಇಡುತ್ತೀರಾ?"

ನಾನು ನಕ್ಕೆ. ಅವರು ನಗಲಿಲ್ಲ. ಮೊದಲು ಓಡಿಸಿದ, ಎಂಟನೆಯ ತಿಂಗಳಿಗೆ ಸೊನ್ನೆಯಾಗುವ ಹಾಳೆಯ ಪ್ರತಿ ಬೇಕೆಂದು ಕೇಳಿದರು. ಕೊಟ್ಟೆ. ಅಷ್ಟು ಮಾತ್ರ ಮಾಡಿದೆ.

ನನ್ನ ಕೆಲಸ ಕಾಯಂ ಆಯಿತು. ದ್ವೀಪದವರು ಬಡ್ಡಿ ಇಳಿಸಿದರು. ಎಂಟು ತಿಂಗಳೂ ಬೇಕಾಗಲಿಲ್ಲ, ಏಳಕ್ಕೇ ಡಾಲರು ಮುಗಿದವು. ಬಡ್ಡಿಯನ್ನು ಮೊದಲಿಗಿಂತ ಮೇಲಕ್ಕೆ ಏರಿಸಿದರು; ಆದರೂ ಹಣ ನಿಲ್ಲಲಿಲ್ಲ. ಕೊನೆಗೆ, ಅನುಮತಿಯಿಲ್ಲದೆ ಯಾರೂ ಡಾಲರು ಹೊರಗೆ ಕಳಿಸುವಂತಿಲ್ಲ ಎಂದು ಆಜ್ಞೆ ಹೊರಟಿತು. ಮೂರರಲ್ಲಿ ಒಂದನ್ನು ಬಿಟ್ಟರು, ಅಂತೂ. ನಾವು ಶುರುವಿನಲ್ಲೇ ಹೇಳಬೇಕಾಗಿದ್ದನ್ನು ಸಂಗ್ರಹವೆಲ್ಲ ಸುಟ್ಟುಕೊಂಡ ಮೇಲೆ. ನಮ್ಮ ಸಂಸ್ಥೆ ಅದರ ಬಗ್ಗೆ ಒಂದು ವಿಚಾರ ಸಂಕಿರಣ ನಡೆಸಿತು. ಮೂವರಲ್ಲಿ ನಿವೃತ್ತರಾದವರು ಅಧ್ಯಕ್ಷತೆ ವಹಿಸಿದರು.

ಮರುವರ್ಷದ ತರಬೇತಿಗೆ ಅದೇ ದ್ವೀಪದಿಂದ ಒಬ್ಬ ಯುವ ಅಧಿಕಾರಿ ಬಂದ. ಆಕೆ ಏಕೆ ಬರಲಿಲ್ಲ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಎರಡನೆಯ ದಿನ ತರಗತಿ ಮುಗಿದ ಮೇಲೆ ಅವನು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. ನನ್ನದೇ ಹಾಳೆ. ಊಟದ ಮೇಜಿನ ಕಾಲಂ ಹಾಗೇ ಇತ್ತು. ಪ್ರತಿ ತಿಂಗಳಿಗೂ ಹೊಸ ಅಂಕಿ ತುಂಬಿದ್ದರು.

"ಸರ್, ನಮ್ಮಲ್ಲಿ ಈಗಲೂ ಇದನ್ನೇ ಬಳಸುತ್ತೇವೆ. ವಿಶ್ವಾಸವನ್ನು ಸರಿಯಾಗಿ ಅಳೆಯುವುದು ಹೇಗೆಂದು ಕಲಿತು ಬಾ ಅಂದಿದ್ದಾರೆ."

ಈ ಸಲ ನಗು ಬರಲಿಲ್ಲ. ಕೆಲಸ ಕಾಯಂ ಆದವನ ಧೈರ್ಯ ತಂದುಕೊಂಡು ಹೇಳಿದೆ: "ಅದಕ್ಕೆ ಯಾವ ಅಳತೆಯೂ ಇಲ್ಲ. ಮೂರೂ ಒಟ್ಟಿಗೆ ನಿಲ್ಲುವುದಿಲ್ಲ ಅಂತ ಗೊತ್ತಿದ್ದೂ ನಿಲ್ಲಿಸಲಿಕ್ಕೆ ನಾನೇ ಹಾಕಿದ ಸುಳ್ಳು ಅಂಕಿ ಅದು."

ಅವನು ಬಾಗಿಲ ಕಡೆ ಒಮ್ಮೆ ನೋಡಿ ಲ್ಯಾಪ್‌ಟಾಪ್ ಮುಚ್ಚಿದ.

"ಹೋದ ವರ್ಷ ಬಡ್ಡಿ ಇಳಿಸುವ ಮುಂಚಿನ ಸಭೆಯಲ್ಲಿ ಮೇಡಂ ಕೂಡ ಹಾಗೇ ಹೇಳಿದ್ದರು, ಸರ್. ನಿಮ್ಮ ಹಳೆಯ ಹಾಳೆಯನ್ನೂ ತೋರಿಸಿದರು. ಪುಣೆಯ ತಜ್ಞರು ಹಾಕಿದ ಅಂಕಿಯನ್ನು ಅನುಮಾನಿಸಿದರು ಅಂತಲೇ ಅವರನ್ನು ಕೆಲಸದಿಂದ ತೆಗೆದದ್ದು."