ಅಂಕಪಟ್ಟಿಯ ಮೇಲೊಂದು ಹೆಬ್ಬೆರಳು

ಗೋಡೆಯ ಪರದೆಯ ಮೇಲೆ ಎದ್ದು ಕಂಡಿದ್ದು ಅಂಕಪಟ್ಟಿಯಲ್ಲ, ಹೆಬ್ಬೆರಳು. ಬಾಗಿಲಿನಷ್ಟು ಎತ್ತರದ, ಉಗುರು ಅರ್ಧ ಕಪ್ಪಾದ ಹೆಬ್ಬೆರಳು. ನರ್ಸಿಂಗ್ ಶಾಲೆಯ ಪ್ರವೇಶ ಸಮಿತಿಯವರೆಲ್ಲ ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ, ಯಾರೂ ಹೇಳದಿದ್ದರೂ, ಎಲ್ಲರ ಕಣ್ಣೂ ಕಚೇರಿಯ ಮೇಲ್ವಿಚಾರಕರ ಎಡಗೈ ಕಡೆ ಹೊರಳಿತು. ಹಿಂದಿನ ವಾರ ಡ್ರಾಯರಿಗೆ ಸಿಕ್ಕಿ ಕಪ್ಪಾದ ಆ ಉಗುರನ್ನು ಅವರು ಮೇಜಿನಿಂದ ಮೇಜಿಗೆ ಹೋಗಿ ತೋರಿಸಿ, ಸಾಕಷ್ಟು ಅಯ್ಯೋ ಪಾಪ ಗಿಟ್ಟಿಸಿಕೊಂಡಿದ್ದರು. ಈಗ ಅದನ್ನು ಬಚ್ಚಿಡಲು ಜೇಬು ಹುಡುಕುತ್ತಿದ್ದರು.

“ಏನ್ರೀ, ಸೀಟು ಕೇಳ್ತಿರೋದು ಅಭ್ಯರ್ಥಿನೋ, ನಿಮ್ಮ ಬೆರಳೋ?” ಎಂದರು ಪ್ರಿನ್ಸಿಪಾಲರು.

“ಸ್ಕ್ಯಾನರ್ ಕೆಟ್ಟಿತ್ತು ಸಾರ್. ಫ್ಯಾನ್ ಗಾಳಿಗೆ ಹಾಳೆ ಹಾರ್ತಿತ್ತು. ಒತ್ತಿ ಹಿಡ್ಕೊಂಡು ಫೋನಲ್ಲಿ ಫೋಟೋ ತೆಗೆದೆ.”

ಎಲ್ಲರೂ ಹೊಟ್ಟೆ ತುಂಬ ನಕ್ಕರು. ನಗದೆ ಕೂತವರು ಒಬ್ಬರೇ, ಹಿಂದಿನ ಕುರ್ಚಿಯ ಸ್ಕೇಲಕ್ಕ.

ಸ್ಕೇಲಕ್ಕ ಅಂಕಪಟ್ಟಿ ಪರಿಶೀಲಿಸುವ ಗುಮಾಸ್ತೆ. ಇಪ್ಪತ್ತೊಂಬತ್ತು ವರ್ಷದಿಂದ ಕಿಟಕಿ ಪಕ್ಕದ ಅದೇ ಮೇಜು, ಅದೇ ಮರದ ಸ್ಕೇಲು. ಅಂಕಿಗಳೆಲ್ಲ ಉಜ್ಜಿ ಹೋಗಿದ್ದರಿಂದ ಆ ಸ್ಕೇಲಿನಿಂದ ಏನನ್ನೂ ಅಳೆಯಲಾಗದು. ಅದನ್ನು ಅವರು ಸಾಲಿನ ಕೆಳಗೆ ಇಡುತ್ತಾರೆ, ಅಷ್ಟೆ. ಒಂದು ಸಾಲು ಗಟ್ಟಿಯಾಗಿ ಓದುವುದು, ಪೆನ್ಸಿಲಿನಲ್ಲಿ ಚುಕ್ಕಿ ಇಡುವುದು, ಸ್ಕೇಲು ಇಳಿಸುವುದು. ಕೊನೆ ಮುಟ್ಟಿದ ಮೇಲೆ ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ. ಕಂಪ್ಯೂಟರ್ ಬಂದ ಮೇಲೆ ಮೇಲ್ವಿಚಾರಕರು, “ಅಕ್ಕಾ, ಎಲ್ಲಾ ಅದೇ ಲೆಕ್ಕ ಹಾಕುತ್ತೆ, ನೀವು ಸುಮ್ನೆ ಸಹಿ ಹಾಕಿ” ಎಂದು ಎಷ್ಟೋ ಸಲ ಹೇಳಿದ್ದರು. “ಹಾಕ್ಲಿ ಬಿಡಿ, ನಾನೂ ಹಾಕ್ತೀನಿ” ಎನ್ನುತ್ತಿದ್ದರು ಅವರು. ಈ ಸಲ ಅವಸರವೆಂದು ಮೇಲ್ವಿಚಾರಕರು ಫೈಲುಗಳನ್ನು ಆ ಮೇಜಿಗೆ ಕಳಿಸಿಯೇ ಇರಲಿಲ್ಲ.

“ಸಾರ್, ಆ ಬೆರಳು ಸ್ವಲ್ಪ ತೆಗೀತೀರಾ?” ಎಂದರು ಸ್ಕೇಲಕ್ಕ.

“ಫೋಟೋದಲ್ಲಿರೋದನ್ನ ಹೇಗಕ್ಕಾ ತೆಗೀಲಿ?”

“ಹಾಗಾದ್ರೆ ಅದರಡೀಲಿ ಏನಿದೆ ಅಂತನಾದ್ರೂ ಹೇಳಿ.”

ಅಡಿಯಲ್ಲಿದ್ದದ್ದು ಗರಿಷ್ಠ ಅಂಕಗಳ ಕಾಲಂ. ಯಾವ ವಿಷಯ ಎಷ್ಟು ಅಂಕಕ್ಕೆ ಎಂದು ಹೇಳುವ ಕಾಲಂ ಅದು. ಮೊದಲ ಸಾಲಿನ ನೂರು ಮಾತ್ರ ಉಗುರಿನ ಮೇಲುಗಡೆ ಇಣುಕುತ್ತಿತ್ತು. ಮೇಲ್ವಿಚಾರಕರು ಆ ನೂರನ್ನೇ ಕಂಪ್ಯೂಟರಿನಲ್ಲಿ ಆರು ವಿಷಯಕ್ಕೂ ಎಳೆದುಬಿಟ್ಟಿದ್ದರು. ಹಾಗಾಗಿ ಆರುನೂರಕ್ಕೆ ಮುನ್ನೂರ ನಲವತ್ಮೂರು, ಶೇಕಡಾ ಐವತ್ತೇಳು ಚಿಲ್ಲರೆ. ಗ್ರೇಡ್ ಪಾಯಿಂಟ್ ಸರಾಸರಿ ಆರು ಪಾಯಿಂಟ್ ಮೂರು ಮೂರು. ಶಾಲೆಗೆ ಬೇಕಾದ್ದು ಶೇಕಡಾ ಅರವತ್ತು, ಪಾಯಿಂಟ್ ಆರೂವರೆ. ಹೆಸರಿನ ಮುಂದೆ ಕೆಂಪಕ್ಷರದಲ್ಲಿ ‘ಅನರ್ಹ’ ಎಂದು ಬಿದ್ದಿತ್ತು.

ಹೆಸರು ಪಕ್ಕದ ಆಸ್ಪತ್ರೆಯ ಆಯಾಳದ್ದು. ಹನ್ನೊಂದು ವರ್ಷದಿಂದ ಗಾಲಿಕುರ್ಚಿ ತಳ್ಳುತ್ತ, ಮನೆಗೆ ಹೋಗಿ ಓದಿ, ಈ ವರ್ಷ ಪರೀಕ್ಷೆ ಪಾಸು ಮಾಡಿದ್ದಳು. ವಯಸ್ಸಿನ ಮಿತಿ ಅವಳಿಗೆ ಇದೇ ವರ್ಷ ಮುಗಿಯುತ್ತಿತ್ತು. ಅಂತಿಮ ಪಟ್ಟಿ ಫಲಕಕ್ಕೆ ಬೀಳುವುದು ಸಂಜೆ ಐದಕ್ಕೆ.

“ಎಲ್ಲ ವಿಷಯಕ್ಕೂ ನೂರೇ ಇರುತ್ತಲ್ಲಕ್ಕಾ,” ಎಂದರು ಮೇಲ್ವಿಚಾರಕರು, ಸ್ವಲ್ಪ ದನಿ ಇಳಿಸಿ.

ಸ್ಕೇಲಕ್ಕ ಎದ್ದು ಪರದೆಯ ಹತ್ತಿರ ಹೋದರು. ಫೋಟೋದ ಬುಡದಲ್ಲಿ ಸ್ಕೇಲು ಇಟ್ಟರು. “ಇಲ್ಲಿ ‘ಪ್ರಥಮ ದರ್ಜೆ’ ಅಂತಿದೆ. ಅರವತ್ತು ಪರ್ಸೆಂಟಿಗೆ ಕಮ್ಮಿ ಇದ್ರೆ ಪ್ರಥಮ ದರ್ಜೆ ಇಲ್ಲ ಅಂತ ಇದರ ಕೆಳಗೇ ಅಚ್ಚಾಗಿದೆ. ಆರುನೂರಕ್ಕೆ ಅರವತ್ತು ಪರ್ಸೆಂಟ್ ಅಂದ್ರೆ ಮುನ್ನೂರರವತ್ತು. ಇವಳದ್ದು ಮುನ್ನೂರ ನಲವತ್ಮೂರು. ಒಂದೋ ಬೋರ್ಡಿನವರು ತಪ್ಪು, ಇಲ್ಲ ನಮ್ಮ ಆರುನೂರು ತಪ್ಪು.”

ಬೋರ್ಡಿನವರೇ ತಪ್ಪಿರಲಿ ಎಂದು ಮೇಲ್ವಿಚಾರಕರು ಮನಸ್ಸಿನಲ್ಲೇ ಬೇಡಿಕೊಂಡರು. ಮರುಗಳಿಗೆ ಆಯಾಳ ಮುಖ ನೆನಪಾಯಿತು. ಹೋದ ವಾರ ಹಾಳೆ ಕೊಡುವಾಗ ಅವಳು, “ಬೆರಳಿಗೆ ಏನಾಯ್ತು ಸಾರ್? ತಣ್ಣೀರಲ್ಲಿ ಅದ್ದಿ ಇಟ್ಕೊಳ್ಳಿ” ಎಂದಿದ್ದಳು. ಕಚೇರಿಯಲ್ಲಿ ಅಯ್ಯೋ ಪಾಪ ಎಂದವರು ಬಹಳ, ಔಷಧಿ ಹೇಳಿದವಳು ಅವಳೊಬ್ಬಳೇ. ಬೇಡಿಕೆಯನ್ನು ವಾಪಸು ತೆಗೆದುಕೊಂಡು ಫೋನ್ ಕೈಗೆತ್ತಿಕೊಂಡರು.

ಆಯಾ ವಾರ್ಡು ಬಿಟ್ಟು ಬರುವಂತಿರಲಿಲ್ಲ. ಪಾಳಿ ಮುಗಿಸಿ, ಮನೆಯಿಂದ ಮೂಲ ಅಂಕಪಟ್ಟಿ ತೆಗೆದುಕೊಂಡು, ತಂಗಿಯನ್ನೂ ಎಳೆದುಕೊಂಡು ಅವಳು ಓಡಿ ಬಂದಾಗ ನಾಲ್ಕೂ ಕಾಲು. ಅಷ್ಟರಲ್ಲಿ ಸ್ಕೇಲಕ್ಕ ಬೆರಳು ಬಿದ್ದ ಇನ್ನೂ ಮೂರು ಫೋಟೋ ಹುಡುಕಿ ತೆಗೆದು, ಆ ಮೂವರ ಮೂಲ ಹಾಳೆಗಳನ್ನೂ ತರಿಸಿ ನೋಡಿದ್ದರು. ಮೂರರಲ್ಲೂ ಎಲ್ಲವೂ ನೂರೇ. ಮೇಲ್ವಿಚಾರಕರಿಗೆ ಅರ್ಧ ಜೀವ ಬಂದಿತ್ತು.

ಆಯಾಳ ಹಾಳೆಯನ್ನು ಬಿಡಿಸಿದಾಗ ಆ ಅರ್ಧವೂ ಹೋಯಿತು. ಗರಿಷ್ಠ ಅಂಕ ನಾಲ್ಕು ಸಾಲಿಗೆ ನೂರು, ಕೊನೆಯ ಎರಡಕ್ಕೆ ಐವತ್ತು. ಎರಡೂ ಪ್ರಾಯೋಗಿಕ ವಿಷಯಗಳು.

“ಮೊದಲು ಪಟ್ಟಿಯ ತಲೆಬರಹ ಓದಿ,” ಎಂದು ಸ್ಕೇಲಕ್ಕ, ಎಷ್ಟಕ್ಕೆ ಎಷ್ಟು ಪಾಯಿಂಟ್ ಎಂದು ಹೇಳುವ ಗ್ರೇಡ್ ಪಟ್ಟಿಯನ್ನು ಮೇಲ್ವಿಚಾರಕರ ಮುಂದೆ ತಳ್ಳಿದರು.

“‘ವಿಷಯವಾರು ಶೇಕಡಾ ಅಂಕ’,” ಎಂದು ಅವರು ಶಾಲೆಯ ಹುಡುಗನಂತೆ ಓದಿದರು.

“ಬರೀ ಅಂಕ ಅಂತಿಲ್ಲ, ಶೇಕಡಾ ಅಂತಿದೆ. ಈಗ ಸಾಲು ಹಿಡೀರಿ.”

ಸ್ಕೇಲು ಇಳಿಯಿತು. ಎಪ್ಪತ್ತೊಂದಕ್ಕೆ ಎಂಟು ಪಾಯಿಂಟ್. ಅರವತ್ನಾಲ್ಕಕ್ಕೆ ಏಳು. ಐವತ್ತೆಂಟಕ್ಕೆ ಆರು. ಅರವತ್ತಾರಕ್ಕೆ ಏಳು. ಇಲ್ಲಿಯವರೆಗೆ ಕಂಪ್ಯೂಟರೂ ಅದನ್ನೇ ಹೇಳಿತ್ತು. ಐದನೆಯದು ಐವತ್ತಕ್ಕೆ ನಲವತ್ಮೂರು, ಅಂದರೆ ಶೇಕಡಾ ಎಂಬತ್ತಾರು, ಒಂಬತ್ತು ಪಾಯಿಂಟ್. ಆರನೆಯದು ಐವತ್ತಕ್ಕೆ ನಲವತ್ತೊಂದು, ಶೇಕಡಾ ಎಂಬತ್ತೆರಡು, ಅದಕ್ಕೂ ಒಂಬತ್ತು. ಈ ಎರಡಕ್ಕೂ ಮೇಲ್ವಿಚಾರಕರು ದಯಪಾಲಿಸಿದ್ದು ಐದೈದು.

“ಒಟ್ಟು ನಲವತ್ತಾರು. ಆರರಿಂದ ಭಾಗಿಸಿ.”

“ಏಳು ಪಾಯಿಂಟ್ ಆರು ಏಳು,” ಎಂದರು ಮೇಲ್ವಿಚಾರಕರು.

ಆಯಾಳ ತಂಗಿ ಚುರುಕು. “ಹಾಗಾದ್ರೆ ಹತ್ತರಿಂದ ಗುಣಿಸಿ, ಎಪ್ಪತ್ತಾರೂ ಮುಕ್ಕಾಲು ಪರ್ಸೆಂಟ್ ಅಂತ ಬರ್ಕೊಳ್ಳಿ ಮೇಡಂ! ನಮ್ಮಕ್ಕ ಪಟ್ಟಿಯಲ್ಲಿ ಮೇಲಕ್ಕೆ ಹೋಗ್ತಾಳೆ.”

“ಕಮ್ಮಿ ಬರೆದಿದ್ದು ತಪ್ಪಾದ್ರೆ ಜಾಸ್ತಿ ಬರೆಯೋದೂ ತಪ್ಪೇ ತಾಯಿ,” ಎಂದರು ಸ್ಕೇಲಕ್ಕ. “ಇಲ್ಲಿ ಪರ್ಸೆಂಟ್ ತೆಗೆಯೋದು ಅಂಕದಿಂದ, ಪಾಯಿಂಟಿಂದಲ್ಲ. ಐನೂರಕ್ಕೆ ಮುನ್ನೂರ ನಲವತ್ಮೂರು. ಅರವತ್ತೆಂಟು ಪಾಯಿಂಟ್ ಆರು.”

“ಅದು ಸಾಕಾ?” ಎಂದಳು ಆಯಾ.

“ಅರವತ್ತಕ್ಕೆ ಸಾಕು. ತಡಿ, ಇನ್ನೊಂದ್ಸಲ ನೋಡೋಣ.” ಸ್ಕೇಲು ಈಗ ಕೆಳಗಿನಿಂದ ಮೇಲಕ್ಕೆ ಹತ್ತಿತು. ಆಯಾ ಪ್ರತಿ ಸಾಲಿಗೂ ಉಸಿರು ಹಿಡಿದಳು. ಎರಡನೆಯ ಸಲವೂ ನಲವತ್ತಾರೇ ಬಂತು, ಮುನ್ನೂರ ನಲವತ್ಮೂರೇ ಬಂತು. ಆಗ ಅವಳು ಕುರ್ಚಿಯ ಬೆನ್ನು ಹಿಡಿದು ನಿಂತು ಸುಮ್ಮನೆ ನಕ್ಕಳು.

ತಿದ್ದಿದ ಅಂತಿಮ ಪಟ್ಟಿಯ ಪ್ರತಿ ತೆಗೆಯುತ್ತ ಮೇಲ್ವಿಚಾರಕರು ಕೇಳಿದರು, “ಎರಡೆರಡು ಸಲ ನೋಡೋದನ್ನ ಯಾರು ಕಲಿಸಿದ್ದು ಅಕ್ಕಾ?”

“ಸೇರಿದ ವರ್ಷ ಒಂದು ಹುಡುಗೀದು ಮೇಲಿನ ಸಾಲಿನ ಪಾಯಿಂಟು ಕೆಳಗಿನ ಸಾಲಿಗೆ ಬರೆದುಬಿಟ್ಟೆ, ಸೀಟು ತಪ್ಪಿಹೋಯ್ತು. ಅವಳಪ್ಪ ಹಾಳೆ ಮಡಚಿ ಜೇಬಲ್ಲಿಟ್ಕೊಂಡು ಹೊರಟೇ ಹೋದ. ಜಗಳ ಆಡಿದ್ರೆ ನಾನು ಇನ್ನೊಂದ್ಸಲ ನೋಡ್ತಿದ್ದೆನೇನೋ. ಅವನು ಆಡ್ಲಿಲ್ಲ.” ಸ್ಕೇಲಕ್ಕ ಸ್ಕೇಲನ್ನು ಸೆರಗಿನಿಂದ ಒರೆಸಿದರು. “ಅದಕ್ಕೇ ಈಗ ಎಲ್ಲರ ಪರವಾಗಿ ನಾನೇ ಜಗಳ ಆಡ್ತೀನಿ.”

ಐದಕ್ಕೆ ಎರಡು ನಿಮಿಷ ಇರುವಾಗ ಹೊಸ ಪಟ್ಟಿ ಫಲಕಕ್ಕೇರಿತು. ಆಯಾಳ ಹೆಸರು ಹದಿನೇಳನೆಯದು, ಸೀಟು ಇಪ್ಪತ್ತು. ಪಿನ್ನು ಚುಚ್ಚಿದ್ದು ಮೇಲ್ವಿಚಾರಕರೇ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು. ಆಯಾ ಹೆಸರಿನ ಮೇಲೆ ಬೆರಳಿಡಲು ಹೋದಳು, ಏನೋ ನೆನಪಾಗಿ ಬೆರಳನ್ನು ಪಕ್ಕಕ್ಕೆ ಸರಿಸಿದಳು.

ಪ್ರಿನ್ಸಿಪಾಲರು ಬಂದು ಪಟ್ಟಿ ನೋಡಿದರು. ಮೇಲ್ವಿಚಾರಕರನ್ನು ನೋಡಿದರು. ಕೊನೆಗೆ ಸ್ಕೇಲಕ್ಕನ ಕಡೆ ತಿರುಗಿದರು.

“ಬೆಳಗ್ಗೆ ನಾವೆಲ್ಲ ಅದೇ ಫೋಟೋ ನೋಡಿದ್ವಿ, ನಕ್ಕು ಸುಮ್ಮನಾದ್ವಿ. ನಿಮಗೆ ಮಾತ್ರ ಅನುಮಾನ ಹೇಗೆ ಬಂತಮ್ಮಾ?”

ಸ್ಕೇಲಕ್ಕ ಗ್ರೇಡ್ ಪಟ್ಟಿಯನ್ನು ಮಡಚಿ ಡ್ರಾಯರಿನೊಳಗಿಟ್ಟು, ಮೇಲ್ವಿಚಾರಕರ ಕೈ ದೂರವಿದೆಯೆಂದು ಖಾತ್ರಿ ಮಾಡಿಕೊಂಡು ಡ್ರಾಯರ್ ಮುಚ್ಚಿದರು.

“ಹೆಬ್ಬೆರಳಿಗೆ ಎಷ್ಟು ಪಾಯಿಂಟು ಅಂತ ಪಟ್ಟಿಯಲ್ಲಿ ಕೊಟ್ಟಿರ್ಲಿಲ್ಲ ಸಾರ್.”