ಹೆಬ್ಬೆರಳ ಕೆಳಗಿನ ಷರತ್ತು

ಆ ಭಾನುವಾರ ಬೆಳಗ್ಗೆ ಕೆಳಮನೆಯಾಕೆ ನನ್ನ ಮೊಬೈಲಿಗೆ ಒಂದು ಫೋಟೊ ಕಳಿಸಿದರು. ನಾಲ್ಕು ತಿಂಗಳ ಹಿಂದೆ ಕೊಂಡ ಕುಕ್ಕರಿನ ವಾರಂಟಿ ಕಾರ್ಡು. ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ, ಮೂಲೆಯಲ್ಲಿ ಅವರದೇ ಹೆಬ್ಬೆರಳು. ಹಿಂದೆಯೇ ಅವರ ದನಿ: "ಅಕ್ಕಾರ, ಮೊನ್ನಿ ನೀರಿಲ್ಲದ ಕಾಯ್ದು ಮುಚ್ಚಳದಾಗಿನ ವಾಲ್ವ್ ಕರಗೇತ್ರಿ. ಪುಕ್ಕಟೆ ಹಾಕಿಕೊಡ್ತಾರೇನು? ಕನ್ನಡದಾಗ ಬರದು ಕಳಸ್ರಿ."

ಪೀಣ್ಯದ ನಮ್ಮ ಬೀದಿಯ ಇಂಗ್ಲಿಷ್ ಕಾಗದಗಳೆಲ್ಲ ಕೊನೆಗೆ ನನ್ನ ಬಳಿಗೇ ಬರುತ್ತವೆ. ಕಾಫಿ ಕುಡಿಯುತ್ತ ಬರೆದೆ: "ತಯಾರಿಸುವಾಗಲೇ ದೋಷವಿದ್ದರೆ ಐದು ವರ್ಷದೊಳಗೆ ಉಚಿತವಾಗಿ ಸರಿಮಾಡಿಕೊಡುತ್ತಾರೆ. ಬಿಲ್ಲು, ಅಂಗಡಿಯ ಮೊಹರಿರುವ ಕಾರ್ಡು ಎರಡೂ ಬೇಕು. ಗ್ಯಾಸ್ಕೆಟ್, ಸೇಫ್ಟಿ ವಾಲ್ವ್‌ಗೆ ವಾರಂಟಿ ಇಲ್ಲ, ಕೊಳ್ಳಬೇಕು." ಕೊನೆಯ ಷರತ್ತು ಹೆಬ್ಬೆರಳ ಕೆಳಗಿತ್ತು. ಬೆರಳು ಸರಿಸಿ ಇನ್ನೊಂದು ಫೋಟೊ ಕಳಿಸಲು ಹೇಳಿದೆ.

ಅದು ಬಂತು. "ಕಂಪನಿಯದಲ್ಲದ ಬಿಡಿಭಾಗ ಹಾಕಬೇಡಿ. ಹಾಕಿ ಏನಾದರೂ ಹಾಳಾದರೆ ಅವರು ಹೊಣೆಯಲ್ಲ" ಎಂದು ಬರೆದೆ.

"ಅಂಗಡೀದಲ್ರಿ ಅದು. ನಮ್ಮನಿಯವರು ತಾವು ದುಡಿಯೋ ಕಾರ್ಖಾನಿ ಲೇತ್ ಮ್ಯಾಲೆ ಹಿತ್ತಾಳಿದು ಮಾಡಿ ಬಿಗಿದಾರ. ಈಗ ಹೋಳಿಗಿಗೆ ಬ್ಯಾಳಿ ಇಟ್ಟೇನಿ. ಯಾಕೋ ಇನ್ನಾ ಸೀಟಿನಾ ಬಂದಿಲ್ಲ."

ಕಾಫಿ ಚೆಲ್ಲಿತೋ ಇಟ್ಟೆನೋ ನೆನಪಿಲ್ಲ. ಹದಿನಾಲ್ಕು ಮೆಟ್ಟಿಲು ಇಳಿದದ್ದು ಮಾತ್ರ ಇವತ್ತಿಗೂ ಕಾಲಲ್ಲಿದೆ. ಆಕೆ ಒಲೆಯ ಪಕ್ಕದಲ್ಲೇ ಕಣಕ ನಾದುತ್ತಿದ್ದರು. ಕುಕ್ಕರ್ ಸುಮ್ಮನಿತ್ತು. ಆ ಸುಮ್ಮನಿದ್ದದ್ದು ಈಗಲೂ ನನಗೆ ಕೇಳಿಸುತ್ತದೆ. ಗ್ಯಾಸ್ ಆರಿಸಿ, ಆಕೆಯ ಹಿಟ್ಟಿನ ಕೈ ಹಿಡಿದು ಹೊರಗೆಳೆದೆ.

ಬಾಗಿಲಲ್ಲಿದ್ದ ಅವರ ಯಜಮಾನರು ನಕ್ಕರು. "ಅಕ್ಕಾರ, ಕಂಪನೀದು ಮೇಣದಂಗ ಕರಗ್ತೈತಿ. ನಂದು ಗಟ್ಟಿ ಹಿತ್ತಾಳಿ, ಜನ್ಮದಾಗ ಕರಗಂಗಿಲ್ಲ!"

"ಕರಗಲಿ ಅಂತಲೇ ಅದನ್ನ ಇಟ್ಟಿರೋದು, ಅಣ್ಣ! ಸೀಟಿ ದಾರಿ ಕಟ್ಟಿದ್ರೆ ಹಬೆಗೆ ಇರೋ ಇನ್ನೊಂದು ಬಾಗಿಲು ಅದು. ಅದಕ್ಕೂ ಬೀಗ ಹಾಕಿದ್ದೀರ."

ಅವರ ನಗೆ ನಿಂತಿತು. ಕುಕ್ಕರ್ ತಾನಾಗಿ ಪೂರ್ತಿ ತಣ್ಣಗಾಗುವವರೆಗೆ ನಾನು ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಯಜಮಾನರೇ ಮುಚ್ಚಳ ತೆಗೆದು ಸೀಟಿಯ ಕೊಳವೆಯನ್ನು ಬೆಳಕಿಗೆ ಹಿಡಿದರು. ಬೆಳಕು ಕಾಣಲಿಲ್ಲ, ಬೇಳೆಯ ಸಿಪ್ಪೆ ಒತ್ತಿ ಕೂತಿತ್ತು.

"ನನ್ನ ಕೈಯಾರೆ..." ಎಂದವರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಆಕೆ ಕೈಗಂಟಿದ ಹಿಟ್ಟನ್ನು ಉಜ್ಜುತ್ತ, "ಮೂರು ಸಾವಿರ ಚಂದದ ಬೋಲ್ಟ್ ಮಾಡೀರಿ, ಒಂದು ನನಗಂತ ಮಾಡಿದ್ರಿ, ಅದೂ ಹಿಂಗ!" ಎಂದರು. ಮೊದಲು ನಕ್ಕದ್ದು ಯಜಮಾನರೇ, ಆಮೇಲೆ ಮೂವರೂ, ಕಣ್ಣಲ್ಲಿ ನೀರು ಬರುವಷ್ಟು.

"ಅಕ್ಕಾರ, ವಾರಂಟಿ ಹೋತೇನ್ರಿ?" ಆಕೆ ಕೇಳಿದರು.

"ಇಲ್ಲ, ಹಿತ್ತಾಳೆಯಿಂದ ಪಾತ್ರೆಗೇನೂ ಆಗಿಲ್ಲ. ಇದನ್ನ ತೆಗೆದು ಕಂಪನಿ ವಾಲ್ವ್ ಹಾಕಿಸಿ. ಅಲ್ಲೀತನಕ ಕುಕ್ಕರ್ ಮುಟ್ಟಬೇಡಿ."

ಬೇಳೆ ತೆರೆದ ಪಾತ್ರೆಯಲ್ಲಿ ಬೆಂದಿತು. ಹೋಳಿಗೆ ಮೂರು ಗಂಟೆಗೆ ಸಿಕ್ಕಿತು; ತುಪ್ಪ ಎಂದಿಗಿಂತ ಹೆಚ್ಚೇ ಬಿತ್ತು. ವಾರಂಟಿ ಕಾರ್ಡು, ಅದನ್ನೇ ಆಮೇಲೆ ನಾನು ಕನ್ನಡದಲ್ಲಿ ಬರೆದುಕೊಟ್ಟ ಚೀಟಿ ಎರಡೂ ಈಗ ಅವರ ಟಿವಿಯ ಪಕ್ಕದಲ್ಲಿವೆ. ಫ್ಯಾನಿಗೆ ಹಾರದಂತೆ ಮೇಲೆ ಆ ಹಿತ್ತಾಳೆಯ ತುಂಡು ಕೂತಿದೆ, ಥಳಥಳ ಉಜ್ಜಿಸಿಕೊಂಡು.