ಆಕಳ ಹಾಲಿನ ಪೇಡೆ

ಎಮ್ಮೆಯನ್ನು ಬೈಗುಳಕ್ಕೆ ಬಳಸುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಬುದ್ಧಿ ಮಂದವಾದರೆ ಎಮ್ಮೆ, ಕರೆದರೆ ಬೇಗ ಏಳದಿದ್ದರೆ ಎಮ್ಮೆ, ಮೈಬಣ್ಣ ಕಪ್ಪಾದರೆ ಎಮ್ಮೆ. ನನ್ನನ್ನು ಓದಿಸಿದ್ದು ಎಮ್ಮೆ, ಉಡಿಸಿದ್ದು ಎಮ್ಮೆ, ಕಲಬುರಗಿ ಕೋಟೆಯ ಹತ್ತಿರದ ಈ ಮನೆಗೆ ಮದುವೆ ಮಾಡಿ ಕಳಿಸಿದ್ದೂ ಎಮ್ಮೆ. ಕಮಲಾಪುರದಲ್ಲಿ ನನ್ನ ಅವ್ವ ಹಾಲು ಬತ್ತಿಸಿ ಖವಾ ಮಾಡುವ ಭಟ್ಟಿ ನಡೆಸುತ್ತಾಳೆ. ಮನೆಯ ಹಿಂದೆ ತಗಡಿನ ಚಪ್ಪರ, ಅದರ ಕೆಳಗೆ ಅಗಲವಾದ ಕಬ್ಬಿಣದ ಕಡಾಯಿ, ಕುದಿಯುವ ಹಾಲು ತಳ ಹಿಡಿಯದಂತೆ ಉದ್ದ ಹಿಡಿಯ ಖುರ್ಪಿಯಿಂದ ಕೆರೆಯುತ್ತ ಕುಳಿತ ಅವ್ವ. ಕಲಬುರಗಿಯ ಜಗತ್ ವೃತ್ತದ ಮಿಠಾಯಿ ಅಂಗಡಿಯವರು ಆಕೆಯ ಖವಾಕ್ಕಾಗಿ ಬೆಳಗಿನ ಬಸ್ಸಿನ ದಾರಿ ಕಾಯುತ್ತಾರೆ.

ನನ್ನ ಅತ್ತೆಯ ಅಡುಗೆಮನೆಯಲ್ಲಿ ಮಾತ್ರ ಎಮ್ಮೆಗೆ ಪ್ರವೇಶವಿರಲಿಲ್ಲ. ದೇವರ ಅಭಿಷೇಕಕ್ಕೆ ಆಕಳ ಹಾಲು, ದೀಪಕ್ಕೆ ಆಕಳ ತುಪ್ಪ ಅಂದರೆ ನನ್ನ ತಕರಾರಿಲ್ಲ, ನಮ್ಮ ತವರಿನಲ್ಲೂ ಹಾಗೇ. ಆದರೆ ಇಲ್ಲಿ ಚಹಾಕ್ಕೂ ಆಕಳು, ಮೊಸರಿಗೂ ಆಕಳು. ಎಮ್ಮೆ ಹಾಲು ಕುಡಿದವರ ತಲೆ ಓಡುವುದಿಲ್ಲ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ನಾನು ಎಮ್ಮೆ ಹಾಲು ಕುಡಿದೇ ಎಂ.ಕಾಂ. ಪಾಸಾದವಳು. ಆಕಳ ಹಾಲು ಕುಡಿದು ಬೆಳೆದ ಅವರ ಮಗನ ಆದಾಯ ತೆರಿಗೆಯ ಕೆಲಸವನ್ನು ನಾನೇ ಮಾಡಿಕೊಡುತ್ತಿದ್ದೆ. ಇದನ್ನು ಒಮ್ಮೆ ಬಾಯಿಬಿಟ್ಟು ಹೇಳಿಯೂ ಇದ್ದೆ. ಆಮೇಲೆ ಎರಡು ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ, ನನಗೂ ಆರಾಮವೇ ಆಯಿತು.

ಮೊಸರಿನ ವಿಷಯಕ್ಕೆ ನಾನು ಬಗ್ಗಲಿಲ್ಲ. ಕುಸನೂರಿನಿಂದ ಬರುವ ಆಕಳ ಹಾಲಿಗೆ ಎಷ್ಟು ಒಳ್ಳೆಯ ಹೆಪ್ಪು ಹಾಕಿದರೂ ಮೊಸರು ಮೆತ್ತಗೇ. ಚಮಚ ಇಟ್ಟ ಕಡೆ ನೀರು ನಿಲ್ಲುತ್ತದೆ. ಎಮ್ಮೆ ಹಾಲಿನ ಮೊಸರು ಗಟ್ಟಿಯಾಗಿ ಕೂಡುತ್ತದೆ, ಗಡಿಗೆ ವಾಲಿಸಿದರೂ ಜಾರುವುದಿಲ್ಲ. ಕಾರಣ ಕೇಳಿದರೆ ನಮ್ಮೂರ ಡೇರಿಗೆ ಹಾಲು ಹಾಕುವ ಯಾರು ಬೇಕಾದರೂ ಹೇಳುತ್ತಾರೆ. ಆಕಳ ಹಾಲಿನಲ್ಲಿ ನೂರಕ್ಕೆ ಮೂರೂವರೆ ನಾಲ್ಕು ಭಾಗ ಕೊಬ್ಬು, ಎಮ್ಮೆಯದರಲ್ಲಿ ಆರೇಳು. ಪ್ರೋಟೀನೂ ಎಮ್ಮೆಯದರಲ್ಲೇ ಹೆಚ್ಚು, ಮೊಸರನ್ನು ಹಿಡಿದು ನಿಲ್ಲಿಸುವುದೇ ಅದು. ನಾನು ತವರಿನಿಂದ ಬರುವಾಗ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತರುತ್ತಿದ್ದೆ, ಒಬ್ಬಳೇ ರೊಟ್ಟಿಯ ಜೊತೆ ಉಣ್ಣುತ್ತಿದ್ದೆ. ನನ್ನ ಗಂಡ ತಾಯಿ ಇಲ್ಲದಾಗ ಬಂದು ಬೆರಳದ್ದಿ ನೆಕ್ಕಿ ಹೋಗುತ್ತಿದ್ದರು. ಆ ಧೈರ್ಯಕ್ಕೆ ಏನು ಹೇಳಲಿ.

ನನ್ನ ನಾದಿನಿಯ ಕೂಸಿಗೆ ತೊಟ್ಟಿಲ ಕಾರ್ಯ ನಮ್ಮ ಮನೆಯಲ್ಲೇ ಗೊತ್ತಾಯಿತು. ಹೆಸರಿಟ್ಟ ಮೇಲೆ ಬಂದವರಿಗೆಲ್ಲ ಪೇಡೆ ಕೊಡುವುದು ಈ ಮನೆಯ ಪದ್ಧತಿ. ಪೇಡೆಗೆ ಬೇಕಾದ ಖವಾ ಬೀಗರ ಮನೆಯಿಂದಲೇ ಬರಲಿ ಎಂದು ಅತ್ತೆ ಹೇಳಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಮರುಕ್ಷಣವೇ ಅವರು ಅವ್ವನಿಗೆ ಫೋನ್ ಮಾಡಿ, ಖವಾ ಆಕಳ ಹಾಲಿನದೇ ಆಗಬೇಕು ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಕಳ ಹಾಲಿನ ಖವಾ ಅಂಟಂಟಾಗುತ್ತದೆ, ಪೇಡೆಗೆ ಬರುವುದಿಲ್ಲ, ಆಕಳದು ಬೇಕೇ ಬೇಕೆಂದರೆ ತುಪ್ಪ ಕಾಯಿಸಿ ಕಳಿಸುತ್ತೇನೆ ಎಂದು ಅವ್ವ ಆ ಕಡೆಯಿಂದ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ಅತ್ತೆ ಕೇಳಲಿಲ್ಲ. ಹೆಣ್ಣು ಕೊಟ್ಟವರು ಬೀಗರ ಮಾತಿಗೆ ಇಲ್ಲ ಅನ್ನಬಾರದು ಎಂಬ ಹಾಳು ರೂಢಿ ನಮ್ಮಲ್ಲಿದೆಯಲ್ಲ, ಅವ್ವ ಒಪ್ಪಿಕೊಂಡಳು. ಕೊಟ್ಟಿಗೆಯಲ್ಲಿ ಹಾಲು ಕೊಡುವ ಎಮ್ಮೆಗಳಿದ್ದರೂ ಓಣಿಯ ಮನೆಮನೆಗೆ ಹೋಗಿ ಆಕಳ ಹಾಲು ಕೂಡಿಸಿ ಕಡಾಯಿಗೆ ಹಾಕಿದಳು.

ಆಗಬೇಕಾದದ್ದೇ ಆಯಿತು. ಸಕ್ಕರೆ, ಏಲಕ್ಕಿ ಹಾಕಿ ಎಷ್ಟು ಹುರಿದರೂ ಖವಾ ಕೈಗೆ ಅಂಟುತ್ತಿತ್ತು. ತಟ್ಟೆಯಲ್ಲಿಟ್ಟ ಪೇಡೆಗಳು ಮಧ್ಯಾಹ್ನದ ಹೊತ್ತಿಗೆ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡು ಕುಳಿತಿದ್ದವು. ಬಣ್ಣ ಹಳದಿ, ರುಚಿಯಲ್ಲಿ ತುಸು ಉಪ್ಪಿನ ಸುಳಿವು. ಪಡಸಾಲೆಯ ತುಂಬ ಹೆಂಗಸರು. ಅವ್ವ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಬೀದರಿನಿಂದ ಬಂದಿದ್ದ ಅತ್ತೆಯ ತಂಗಿ, ನಾವು ಚಿಕ್ಕತ್ತೆ ಅನ್ನುವವರು, ಒಂದು ಪೇಡೆಯನ್ನು ಬೆರಳಿನಿಂದ ಒತ್ತಿ ನೋಡಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ಮೈದಾ ಹಾಕ್ಯಾರ ನೋಡ್ರಿ ಇದಕ್ಕ. ಬೀಗರ ಮನ್ಯಾಗೂ ವ್ಯಾಪಾರ ಮಾಡ್ತಾರ ಮಂದಿ."

ನಾನು ಅತ್ತೆಯ ಮುಖ ನೋಡಿದೆ. ಆಕಳ ಹಾಲಿನದೇ ಬೇಕೆಂದು ಹಟ ಹಿಡಿದವರು ಅವರು. ಒಂದು ಮಾತು ಸಾಕಾಗಿತ್ತು. ಅವರು ಬಗ್ಗಿ ಕೂಸಿನ ಕುಲಾವಿ ಸರಿಮಾಡಿದರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟು ವರ್ಷ ಭಟ್ಟಿಯ ಮುಂದೆ ಕುಳಿತು ಸಂಪಾದಿಸಿದ ಹೆಸರು ಅಷ್ಟು ಹೆಂಗಸರ ನಡುವೆ ಮಣ್ಣುಪಾಲಾಯಿತು. ಅವರಲ್ಲಿ ಇಬ್ಬರ ಗಂಡಂದಿರು ಜಗತ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟವರು. ನಾಳೆ ಅವ್ವನ ಖವಾ ಯಾರು ಕೊಳ್ಳುತ್ತಾರೆ?

ನಾನು ಒಳಗೆ ಹೋಗಿ ಔಷಧಿ ಡಬ್ಬಿಯಿಂದ ಅಯೋಡಿನ್ ಸೀಸೆ ತಂದೆ. ಎರಡು ಬಟ್ಟಲಲ್ಲಿ ಬಿಸಿನೀರು, ಒಂದಕ್ಕೆ ಪೇಡೆಯ ಚೂರು, ಇನ್ನೊಂದಕ್ಕೆ ಚಿಟಿಕೆ ಮೈದಾ. ಎರಡನ್ನೂ ಕುದಿಸಿ, ಆರಿಸಿ, ಒಂದೊಂದು ಹನಿ ಅಯೋಡಿನ್ ಹಾಕಿದೆ. ಮೈದಾದ ಬಟ್ಟಲು ಕಡುನೀಲಿಯಾಯಿತು. ಪೇಡೆಯದು ಆಗಲಿಲ್ಲ. ಸಭೆಯಲ್ಲಿ ಹೀಗೆ ಮಾಡಬಾರದು ಎಂದು ಅವ್ವ ನನ್ನ ಕೈ ಹಿಡಿದು ಎಳೆಯುತ್ತಿದ್ದಳು. ಚಿಕ್ಕತ್ತೆ ಸೋಲುವವರೇ? ಹಿಟ್ಟು ಹಾಕದಿದ್ದರೆ ಹಾಲಿನ ಕೆನೆ ತೆಗೆದಿರಬೇಕು, ಆ ಕೆನೆ ತುಪ್ಪವಾಗಿ ಮಾರಾಟವಾಗಿರಬೇಕು ಅಂದರು. ಅವ್ವ ಊಟವನ್ನೂ ಮಾಡದೆ ಸಂಜೆಯ ಬಸ್ಸು ಹತ್ತಿದಳು. ಬಸ್ಸು ಹತ್ತುವ ಮುನ್ನ, ಈ ಮಾತು ಇಲ್ಲಿಗೇ ಬಿಟ್ಟುಬಿಡು, ನೀನು ಇಲ್ಲೇ ಬಾಳಬೇಕಾದವಳು ಅಂದಳು. ನಾನು ಬಿಡುವುದಿಲ್ಲ ಅಂದೆ.

ಮರುದಿನ ಬೆಳಿಗ್ಗೆ ನೆಂಟರೆಲ್ಲ ಇನ್ನೂ ಮನೆಯಲ್ಲೇ ಇದ್ದರು. ಆ ಇಬ್ಬರು ಮಿಠಾಯಿ ಅಂಗಡಿಯವರ ಹೆಂಡತಿಯರನ್ನೂ ಕರೆಸಿದೆ. ನನ್ನ ಅಣ್ಣನಿಗೆ ಹೇಳಿ ಮೊದಲ ಬಸ್ಸಿಗೆ ಐದು ಲೀಟರ್ ಎಮ್ಮೆ ಹಾಲು ತರಿಸಿದೆ. ಆಕಳ ಹಾಲನ್ನು ನಮ್ಮ ಕುಸನೂರಿನ ಗೌಳಿಯಿಂದಲೇ ಅಷ್ಟೇ ತೆಗೆದುಕೊಂಡೆ. ಹಿತ್ತಲಲ್ಲಿ ಎರಡು ಒಲೆ ಹೂಡಿ ಎರಡು ಕಡಾಯಿ ಏರಿಸಿದೆ. ಖುರ್ಪಿಯನ್ನು ಚಿಕ್ಕತ್ತೆಯ ಕೈಗೇ ಕೊಟ್ಟೆ.

"ನೀವೇ ತಿರುವ್ರಿ, ಚಿಕ್ಕತ್ತಿ. ನಾನು ಮುಟ್ಟಿದ್ರ ಅದಕ್ಕೂ ಏನಾರ ಬೆರೆಸ್ಯಾಳ ಅಂತೀರಿ."

ಇಷ್ಟು ಜನರ ಮುಂದೆ ಅವರು ಇಲ್ಲ ಅನ್ನುವಂತಿರಲಿಲ್ಲ. ಒಂದು ಕಡಾಯಿಗೆ ಅವರು, ಇನ್ನೊಂದಕ್ಕೆ ನೆಂಟರಲ್ಲೊಬ್ಬರು. ಹಾಲು ಉಕ್ಕಿತು, ಇಳಿಯಿತು, ಗಟ್ಟಿಯಾಗತೊಡಗಿತು. ಬೆವರು ಸುರಿಸುತ್ತ ಚಿಕ್ಕತ್ತೆ ಪಾಳಿ ಬದಲಿಸಿ ಎರಡೂ ಕಡಾಯಿ ತಿರುವಿದರು. ಮೊದಲು ಗಟ್ಟಿಯಾದದ್ದು ಎಮ್ಮೆಯದು. ಬೆಳ್ಳಗೆ, ಸಣ್ಣ ಕಾಳುಕಾಳಾಗಿ, ಅಂಚಿನಲ್ಲಿ ತುಪ್ಪ ಬಿಡುತ್ತ, ಕಡಾಯಿಯ ಗೋಡೆ ಬಿಟ್ಟು ಒಂದೇ ಮುದ್ದೆಯಾಗಿ ಬಂತು. ತೂಗಿದರೆ ಒಂದು ಕಿಲೋಕ್ಕೂ ತುಸು ಜಾಸ್ತಿ. ಆಕಳದು ಹಳದಿಯಾಗಿ ಒದ್ದೆಒದ್ದೆಯಾಗಿ ಖುರ್ಪಿಗೇ ಅಂಟಿಕೊಂಡಿತು, ಕಿಲೋಕ್ಕೆ ಕಮ್ಮಿಯೇ ಬಿತ್ತು. ನಿನ್ನೆ ತಟ್ಟೆಯಲ್ಲಿದ್ದ ಪೇಡೆಯ ಥರವೇ. ಇದರ ಕೆನೆಯನ್ನು ಯಾರು ತೆಗೆದರು ಎಂದು ನಾನು ಕೇಳಿದೆ. ಗೌಳಿ ಕ್ಯಾನು ಇಳಿಸಿದಾಗಿನಿಂದ ಅದು ಎಲ್ಲರ ಕಣ್ಣೆದುರೇ ಇತ್ತು.

ಆಕಳ ಹಾಲು ಕೆಟ್ಟದ್ದು ಎಂದು ನಾನು ಯಾವತ್ತೂ ಹೇಳಿದವಳಲ್ಲ. ಆ ಹಳದಿ ಹಸಿಮೇವಿನಿಂದ ಬರುವ ಬಣ್ಣ, ಅದು ಆಕಳ ಕೊಬ್ಬಿನಲ್ಲಿ ಉಳಿಯುತ್ತದೆ, ಎಮ್ಮೆಯದರಲ್ಲಿ ಉಳಿಯುವುದಿಲ್ಲ. ಖವಾದಲ್ಲಿ ದೋಷವಾದದ್ದೇ ತುಪ್ಪದಲ್ಲಿ ಚಿನ್ನದ ಬಣ್ಣವಾಗುತ್ತದೆ, ಆಕಳ ತುಪ್ಪದ ಪರಿಮಳವೇ ಬೇರೆ. ಎಮ್ಮೆಯ ತುಪ್ಪ ಬಿಳಿ, ದೊಡ್ಡ ಹರಳಿನದು, ಅಷ್ಟೇ ಹಾಲಿಗೆ ಹೆಚ್ಚು ಸಿಗುತ್ತದೆ. ಒಂದೊಂದು ಹಾಲಿಗೆ ಒಂದೊಂದು ಕೆಲಸ. ಇದನ್ನೇ ಅವ್ವ ಫೋನಿನಲ್ಲಿ ಹೇಳಿದ್ದಳು.

ಚಿಕ್ಕತ್ತೆ ಸೋತ ಮುಖದಿಂದ ಕೊನೆಯ ಬಾಣ ಬಿಟ್ಟರು. ಇಷ್ಟೆಲ್ಲ ಗೊತ್ತಿದ್ದ ಬೀಗಿತ್ತಿ ಪೇಡೆಗೆ ಆಕಳ ಹಾಲು ಯಾಕೆ ಹಾಕಿದಳಂತೆ ಎಂದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಲಿಲ್ಲ. ಅದನ್ನು ಹೇಳಬೇಕಾದವರು ಬೇರೆ ಇದ್ದರು, ನಾನು ಅವರನ್ನೇ ನೋಡುತ್ತ ನಿಂತೆ. ಎಲ್ಲರೂ ನನ್ನ ನೋಟದ ಜೊತೆ ಅತ್ತ ತಿರುಗಿದರು. ಹಿತ್ತಲ ಬಾಗಿಲ ಒಳಗೆ ತೊಟ್ಟಿಲು ತೂಗುತ್ತಿದ್ದ ಅತ್ತೆ ಹಗ್ಗ ಬಿಟ್ಟರು.

"ನಾನೇ ಹೇಳಿದ್ದೆ," ಅಂದರು. "ಆಕೀ ಬ್ಯಾಡ ಅಂದಿದ್ಳು. ನಾ ಕೇಳಲಿಲ್ಲ."

ನನ್ನ ಗಂಡ ಮಾತು ಮುಗಿಯಿತೆಂದು ಎದ್ದರು. ನನ್ನದು ಮುಗಿದಿರಲಿಲ್ಲ. ಅವ್ವನ ಹೆಸರು ಹೋದದ್ದು ಅವ್ವನ ಎದುರಿಗೆ, ಬರುವುದೂ ಅಲ್ಲೇ ಬರಬೇಕು ಎಂದೆ. ಸೊಸೆಗೆ ಇಷ್ಟು ಸೊಕ್ಕಿರಬಾರದು ಎಂದು ಯಾರೋ ಗೊಣಗಿದರು. ಇದೆ, ಏನೀಗ? ಅತ್ತೆ ಒಳಗೆ ಹೋದರು, ಸೀರೆ ಬದಲಿಸಿಕೊಂಡು ಹೊರಗೆ ಬಂದರು. ತಂಗಿಯನ್ನೂ ಚಪ್ಪಲಿ ಹಾಕಿಕೊಳ್ಳಲು ಹೇಳಿದರು. ಅಂಗಡಿಯವರ ಹೆಂಡತಿಯರನ್ನೂ ಕರೆದುಕೊಂಡರು.

ನಾವು ಕಮಲಾಪುರ ಮುಟ್ಟಿದಾಗ ಅವ್ವ ಭಟ್ಟಿಯ ಮುಂದೆ ಇದ್ದಳು. ಕಡಾಯಿಯಲ್ಲಿ ಖವಾ ಆಗತಾನೇ ಮುದ್ದೆಯಾಗುತ್ತಿತ್ತು. ಬೀಗರನ್ನು ಕಂಡು ಗಾಬರಿಯಿಂದ ಏಳಲು ಹೋದಳು. ಅತ್ತೆ ಆಕೆಯ ಭುಜ ಒತ್ತಿ ಕೂರಿಸಿದರು. ಒಳಗೆ ಹೋಗಿ ಕುಳಿತು ಮಾತಾಡೋಣ ಅನ್ನಲಿಲ್ಲ, ಚಾಪೆಯನ್ನೂ ಕೇಳಲಿಲ್ಲ. ಓಣಿಯ ಜನರೂ ನಮ್ಮ ಜೊತೆ ಬಂದವರೂ ನೋಡುತ್ತಿದ್ದಂತೆ ಬೂದಿ ಚೆಲ್ಲಿದ್ದ ನೆಲದಲ್ಲೇ ಕುಳಿತು ಅಂಗೈ ಮುಂದೆ ಚಾಚಿದರು.

"ಯಾವ ಹಾಲಿಂದವ್ವಾ ಇದು?"

"ಎಮ್ಮೀದರೀ," ಅಂದಳು ಅವ್ವ, ತಲೆ ತಗ್ಗಿಸಿ.

"ಜೋರಾಗಿ ಹೇಳವ್ವಾ. ಎಲ್ಲಾರಿಗೂ ಕೇಳಲಿ," ಅಂದರು ಅತ್ತೆ. ಅವ್ವ ತಲೆಯೆತ್ತಿ ಇನ್ನೊಮ್ಮೆ ಹೇಳಿದಳು, ಆಮೇಲೆ ಖುರ್ಪಿಯ ತುದಿಯಿಂದ ಬಿಸಿ ಖವಾ ತೆಗೆದು ಆ ಅಂಗೈಯಲ್ಲಿಟ್ಟಳು.